ಎರಡನೇ ಪರಿಶೀಲಕರ ಅಭಿಪ್ರಾಯಗಳಿಗೆ ಲೇಖಕರ ಉತ್ತರ

ಲೇಖನ: ಬರದ ವರ್ಷಗಳಲ್ಲಿ ನೀರುಗಂಟಿಗಳ ನೀರು ಹಂಚಿಕೆ (ಪರಿಷ್ಕೃತ ಪ್ರತಿಯೊಂದಿಗೆ)

ಸಂಪಾದಕರಿಗೂ ಪರಿಶೀಲಕರಿಗೂ ನಮಸ್ಕಾರ.

ನಮ್ಮ ಲೇಖನವನ್ನು ಇಷ್ಟು ಗಮನವಿಟ್ಟು ಓದಿದ್ದಕ್ಕೆ ನಾವಿಬ್ಬರೂ ಪರಿಶೀಲಕರಿಗೆ ಋಣಿಗಳು. ಅವರು ತೋರಿಸಿದ ತಪ್ಪುಗಳನ್ನು ತಿದ್ದಿದ್ದೇವೆ. ಅಧ್ಯಯನದ ವಿಧಾನದ ಬಗ್ಗೆ ಎತ್ತಿದ ಮೂರು ಆಕ್ಷೇಪಗಳಲ್ಲಿ ಮಾತ್ರ ನಮ್ಮ ಅಭಿಪ್ರಾಯ ಬೇರೆ. ಹಾಗೆ ಯಾಕೆ ಅನ್ನುವುದನ್ನು ಕೆಳಗೆ ವಿವರಿಸಿದ್ದೇವೆ. ಬದಲಾದ ಸಾಲುಗಳಿಗೆ ಪರಿಷ್ಕೃತ ಪ್ರತಿಯಲ್ಲಿ ಹಳದಿ ಬಣ್ಣ ಹಚ್ಚಿದ್ದೇವೆ.

ಅಭಿಪ್ರಾಯ 1: “ಕೇವಲ 19 ಜನರ ಮಾತಿನ ಮೇಲೆ ತೀರ್ಮಾನಕ್ಕೆ ಬರಲಾಗದು. ಕನಿಷ್ಠ 100 ರೈತರಿಗೆ ಪ್ರಶ್ನಾವಳಿ ಕೊಟ್ಟು ಮಾಹಿತಿ ಪಡೆಯಬೇಕಿತ್ತು.”

19 ಅನ್ನುವುದು ಚಿಕ್ಕ ಸಂಖ್ಯೆಯೇ, ಒಪ್ಪುತ್ತೇವೆ. ಆದರೆ ಇದು ದೊಡ್ಡ ಗುಂಪಿನಿಂದ ಆರಿಸಿದ ಸ್ಯಾಂಪಲ್ ಅಲ್ಲ. ಕೋಲಾರ ಮತ್ತು ಮುಳಬಾಗಿಲು ತಾಲ್ಲೂಕುಗಳ 46 ಊರುಗಳಲ್ಲಿ ವಿಚಾರಿಸಿದೆವು. ತಮ್ಮ ಕೈಯಾರೆ ಕೆರೆಯ ತೂಬು ಎತ್ತಿ, ಗದ್ದೆಗೆ ನೀರು ಹಾಯಿಸಿದ ನೀರುಗಂಟಿಗಳು ಸಿಕ್ಕಿದ್ದು 11 ಊರುಗಳಲ್ಲಿ, ಒಟ್ಟು 23 ಮಂದಿ. ಅವರಲ್ಲಿ ಇಬ್ಬರಿಗೆ ಮಾತಾಡುವಷ್ಟು ಆರೋಗ್ಯ ಇರಲಿಲ್ಲ. ಇನ್ನಿಬ್ಬರು ಬೇಡ ಅಂದರು. ಉಳಿದ ಎಲ್ಲರನ್ನೂ ಮಾತಾಡಿಸಿದ್ದೇವೆ. ಅವರಲ್ಲಿ ಚಿಕ್ಕವರಿಗೆ 58 ವರ್ಷ, ಹಿರಿಯರಿಗೆ 84. ಈ ಲೆಕ್ಕವನ್ನು ಮೊದಲ ಪ್ರತಿಯಲ್ಲಿ ಬರೆಯದೇ ಬಿಟ್ಟಿದ್ದು ನಮ್ಮ ತಪ್ಪು. ಈಗ ಪುಟ 4ರಲ್ಲಿ ಸೇರಿಸಿದ್ದೇವೆ.

ನೂರು ರೈತರನ್ನು ಕೇಳಿದರೆ ಬೇರೆ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುತ್ತದೆ: ನೀರು ಬಂತಾ, ಸಾಕಾಯಿತಾ, ಜಗಳ ಆಯಿತಾ ಅಂತ. ನಮ್ಮ ಪ್ರಶ್ನೆ ಅದಲ್ಲ. ಕೆರೆಯಲ್ಲಿ ಅರ್ಧ ನೀರಿದ್ದಾಗ ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಅಂತ ನಿರ್ಧರಿಸುವ ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದು ನಮ್ಮ ಪ್ರಶ್ನೆ. ಆ ಕೆಲಸ ಮಾಡಿದವರನ್ನೇ ಕೇಳಬೇಕು, ಅಲ್ವಾ?

ಆದರೆ ಇದೇ ಅಭಿಪ್ರಾಯದ ಕೊನೆಯಲ್ಲಿ ಶೇಕಡಾವಾರು ಲೆಕ್ಕದ ಬಗ್ಗೆ ಪರಿಶೀಲಕರು ಹೇಳಿದ ಮಾತು ಪೂರ್ತಿ ಸರಿ. 19 ಮಂದಿಯ ಉತ್ತರಕ್ಕೆ ಶೇಕಡಾವಾರು ಲೆಕ್ಕ ಹಾಕಬಾರದಿತ್ತು. “ಶೇ 63” ಅಂತ ಇದ್ದ ಕಡೆ “19ರಲ್ಲಿ 12 ಮಂದಿ” ಅಂತ ಮಾಡಿದ್ದೇವೆ. ಶೀರ್ಷಿಕೆಯಲ್ಲಿದ್ದ “ಕೋಲಾರ ಜಿಲ್ಲೆಯ” ಅನ್ನುವ ಮಾತನ್ನೂ ತೆಗೆದಿದ್ದೇವೆ. ಎರಡು ತಾಲ್ಲೂಕು ನೋಡಿ ಇಡೀ ಜಿಲ್ಲೆಯ ಮಾತಾಡುವುದು ಜಾಸ್ತಿಯಾಯಿತು.

ಅಭಿಪ್ರಾಯ 2: “ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿಲ್ಲ. ಕಾಲುವೆಯ ಮೇಲೆ ನಡೆಯುತ್ತಾ ಆಡಿದ ಮಾತನ್ನು ಮಾಹಿತಿಯಾಗಿ ಹೇಗೆ ಪರಿಗಣಿಸುವುದು?”

ನಾವು ಶುರು ಮಾಡಿದ್ದು ಅಚ್ಚು ಮಾಡಿದ ಪ್ರಶ್ನಾವಳಿಯಿಂದಲೇ. ಮೊದಲ ಮೂವರನ್ನು ಜಗಲಿಯ ಮೇಲೆ ಕೂರಿಸಿಕೊಂಡು, “ನೀರು ಕಡಿಮೆಯಾದಾಗ ಹೇಗೆ ಹಂಚುತ್ತಿದ್ದಿರಿ?” ಅಂತ ಕೇಳಿದೆವು. ಮೂವರೂ ಹೇಳಿದ್ದು ಒಂದೇ: “ಎಲ್ಲರಿಗೂ ಸಮವಾಗಿ.” ಸುತ್ತ ಊರಿನ ಜಮೀನುದಾರರು ನಿಂತಿದ್ದರು. ನೀರುಗಂಟಿಗಳು ಹೆಚ್ಚಾಗಿ ದಲಿತ ಕುಟುಂಬದವರು. ಆ ಜಾಗದಲ್ಲಿ ಬೇರೆ ಉತ್ತರ ಬರುವುದು ಕಷ್ಟವಿತ್ತು.

ಮಧ್ಯಾಹ್ನ ಮೂರನೆಯವರ ಜೊತೆ ಕಾಲುವೆಯ ಉದ್ದಕ್ಕೂ ನಡೆದೆವು. ಒಂದು ಹುಣಸೆ ಮರದ ಹತ್ತಿರ ಅವರು ನಿಂತು, “ಆ ವರ್ಷ ಇಲ್ಲಿಂದ ಕೆಳಗೆ ನಾಟಿ ಇಲ್ಲ” ಅಂದರು. ಆಮೇಲೆ ದಾಮಾಷಾ ಪದ್ಧತಿಯನ್ನು ಬಿಡಿಸಿ ಹೇಳಿದರು. ಅಚ್ಚುಕಟ್ಟಿನ ಕೊನೆಯಲ್ಲಿ ಜಮೀನಿದ್ದವರಿಗೂ ಆ ಒಂದು ಬೆಳೆಗೆ ತೂಬಿನ ಹತ್ತಿರವೇ ಪಾಲು ಕೊಡುತ್ತಿದ್ದರು. ಅವರವರ ಹಿಡುವಳಿ ಎಷ್ಟಿದೆಯೋ ಅದಕ್ಕೆ ತಕ್ಕ ಪಾಲು. ತಲೆಕಾಲುವೆಯ ಹತ್ತಿರದ ಒಡೆಯರು ತಮ್ಮ ಗದ್ದೆಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕಿತ್ತು. ಬೆಳಿಗ್ಗೆ “ಸಮವಾಗಿ” ಅಂದ ಮಾತಿನ ಒಳಗೆ ಇಷ್ಟೆಲ್ಲ ಇತ್ತು.

ಅವತ್ತಿನಿಂದ ನಾವು ಕಾಗದ ಪಕ್ಕಕ್ಕಿಟ್ಟು ನಡೆಯತೊಡಗಿದೆವು. ಎಲ್ಲರ ಜೊತೆಯೂ ತೂಬು, ಕಾಲುವೆಯ ಕವಲು, ಅಚ್ಚುಕಟ್ಟಿನ ಕೊನೆ, ಕೋಡಿ ಈ ನಾಲ್ಕು ಜಾಗಗಳಲ್ಲಿ ನಿಂತು ಅದೇ ವಿಷಯಗಳನ್ನು ಕೇಳಿದ್ದೇವೆ. ಮೊದಲ ಇಬ್ಬರ ಹತ್ತಿರ ವಾಪಸ್ ಹೋಗಿ ಅವರ ಜೊತೆಗೂ ನಡೆದಿದ್ದೇವೆ. ಕೇಳುವ ಪದ ಬದಲಾಗಿರಬಹುದು, ಕೇಳಿದ ವಿಷಯ ಬದಲಾಗಿಲ್ಲ. ಹಾಗಾಗಿ ಈ ವಿಧಾನವನ್ನು ಬಿಡಲು ನಮಗೆ ಮನಸ್ಸಿಲ್ಲ. ಆದರೆ ಇದನ್ನೆಲ್ಲ ಮೊದಲ ಪ್ರತಿಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೆವು. ಪರಿಶೀಲಕರಿಗೆ ಅನುಮಾನ ಬಂದದ್ದು ಸಹಜ. ಈಗ ಪುಟ 5 ಮತ್ತು 6ರಲ್ಲಿ ಪೂರ್ತಿ ಬರೆದಿದ್ದೇವೆ.

ಅಭಿಪ್ರಾಯ 3: “ನಲವತ್ತು ವರ್ಷ ಹಿಂದಿನ ನೆನಪನ್ನು ನಂಬುವುದು ಹೇಗೆ? ಉಪಗ್ರಹ ಚಿತ್ರ ಬಳಸಿ ಖಚಿತಪಡಿಸಿಕೊಳ್ಳಿ.”

ನೆನಪು ಜಾರುತ್ತದೆ, ನಿಜ. ಅದಕ್ಕೇ ಇಸವಿ ಕೇಳಲಿಲ್ಲ, ಗುರುತು ಕೇಳಿದೆವು. “ಇಂದಿರಾ ಗಾಂಧಿ ಹೋದ ವರ್ಷ” ಅಂದರೆ 1984 ಅಂತ ತಿಳಿಯುತ್ತದೆ. ಹೀಗೆ ವರ್ಷ ಗೊತ್ತಾದ ಒಂಬತ್ತು ಹೇಳಿಕೆಗಳನ್ನು ಆಯಾ ಊರಿನ ಕೈಬರಹದ ಪಹಣಿಯ ಬೆಳೆ ಕಾಲಂ ಜೊತೆ ಹೋಲಿಸಿದೆವು. ಏಳು ಹೊಂದಿದವು. ಎರಡು ಹೊಂದಲಿಲ್ಲ. ಹೊಂದದ ಎರಡನ್ನು ತೀರ್ಮಾನದ ಭಾಗದಿಂದ ತೆಗೆದು, ಪುಟ 11ರ ಹೊಸ ಪಟ್ಟಿಯಲ್ಲಿ ಹಾಗೆಯೇ ತೋರಿಸಿದ್ದೇವೆ.

ಉಪಗ್ರಹ ಚಿತ್ರದ ಸಲಹೆಯನ್ನು ಗಂಭೀರವಾಗಿ ಯೋಚಿಸಿದೆವು. ಆ ಕಾಲದ ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ 30 ಮೀಟರ್ ಚೌಕ, ಅಂದರೆ ಹತ್ತಿರ ಹತ್ತಿರ 9 ಗುಂಟೆ. ದಾಮಾಷಾದಲ್ಲಿ ಒಬ್ಬರಿಗೆ ಬರುತ್ತಿದ್ದ ಪಾಲು ನಾಲ್ಕೈದು ಗುಂಟೆ. ಎರಡು ಮನೆಯ ಪಾಲು ಒಂದೇ ಚುಕ್ಕೆಯೊಳಗೆ ಕಲಸಿಹೋಗುತ್ತದೆ. ಕೆರೆಯಲ್ಲಿ ನೀರು ಎಷ್ಟು ಹರಡಿತ್ತು ಅಂತ ನೋಡಲು ಈ ಚಿತ್ರಗಳು ಖಂಡಿತ ಉಪಯೋಗ. ಪಾಲು ಯಾರದ್ದು, ಯಾರು ಹಂಚಿದರು ಅಂತ ಅವು ತೋರಿಸುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಬಳಸಿಲ್ಲ. ಮುಂದೆ ಮಾಡಬೇಕಾದ ಕೆಲಸ ಎಂದು ಕೊನೆಯ ಭಾಗದಲ್ಲಿ ಸೇರಿಸಿದ್ದೇವೆ.

ಅಭಿಪ್ರಾಯ 4: ಇಸವಿಯ ತಪ್ಪು

ಪರಿಶೀಲಕರು ಹೇಳಿದ್ದೇ ಸರಿ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರದ್ದು, ಜಾರಿಗೆ ಬಂದದ್ದು 1963ರಲ್ಲಿ. ತಿದ್ದಿದ್ದೇವೆ.

ಅಭಿಪ್ರಾಯ 5: “ತೆಲುಗಿನಲ್ಲಿ ಆಡಿದ ಮಾತನ್ನು ಕನ್ನಡಕ್ಕೆ ತಂದವರು ಯಾರು?”

ನಮ್ಮಲ್ಲಿ ಒಬ್ಬರ ಮನೆಮಾತು ಮುಳಬಾಗಿಲು ಕಡೆಯ ತೆಲುಗು. ಅವರೇ ಕನ್ನಡಕ್ಕೆ ತಂದು, ಮುಖ್ಯವಾದ ಭಾಗಗಳನ್ನು ಮಾತಾಡಿದವರಿಗೇ ಓದಿ ಹೇಳಿದ್ದಾರೆ. ಒಂದು ಟಿಪ್ಪಣಿ ಸೇರಿಸಿದ್ದೇವೆ.

ಅಭಿಪ್ರಾಯ 6: “ಹೆಂಗಸರ ಮಾತು ಎಲ್ಲೂ ಇಲ್ಲ.”

ಇದನ್ನು ಓದಿ ನಾವು ರೆಕಾರ್ಡಿಂಗ್‌ಗಳನ್ನು ಮತ್ತೆ ಕೇಳಿದೆವು. ಮೂರು ಮನೆಗಳಲ್ಲಿ ನೀರುಗಂಟಿಯ ಹೆಂಡತಿ ಉದ್ದಕ್ಕೂ ಮಾತಾಡಿದ್ದಾರೆ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಕೂಲಿಯ ಭತ್ತ ಅಳೆಸಿಕೊಂಡು ಬರುತ್ತಿದ್ದವರು ಅವರೇ. ಯಾರು ಕೊಟ್ಟರು, ಯಾರು ಕಡಿಮೆ ಅಳೆದರು ಅನ್ನುವುದು ಅವರಿಗೆ ಇಂದಿಗೂ ನೆನಪಿದೆ. ನಾವು ಆ ಮಾತುಗಳನ್ನು ಬಳಸಿಕೊಂಡು, ಮಾತಾಡಿದವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇದಕ್ಕೆ ಸಮರ್ಥನೆ ಇಲ್ಲ. ಈಗ ಮಾಹಿತಿ ಕೊಟ್ಟವರು 22 ಮಂದಿ ಎಂದು ಬರೆದಿದ್ದೇವೆ: 19 ನೀರುಗಂಟಿಗಳು, ಮೂವರು ಹೆಂಗಸರು. ಕೂಲಿಯ ಭಾಗವನ್ನು ಪುಟ 9ರಲ್ಲಿ ಅವರ ಮಾತಿನಿಂದಲೇ ಹೊಸದಾಗಿ ಬರೆದಿದ್ದೇವೆ. ಪರಿಶೀಲಕರು ಈ ಪುಟವನ್ನು ಇನ್ನೊಮ್ಮೆ ನೋಡಿಕೊಡಬೇಕೆಂದು ಕೇಳಿಕೊಳ್ಳುತ್ತೇವೆ.

ವಂದನೆಗಳೊಂದಿಗೆ,
ಲೇಖಕರು