ಮನೆ ವೈರಿಂಗ್ ಪ್ಲಾನ್: ಗೋಡೆಗೆ ಕಟರ್ ಇಡುವ ಮುಂಚೆ

ಅಕ್ಕ, ಭಾವ,

ಭಾನುವಾರ ಮೂವರೂ ಮನೆಯೆಲ್ಲ ಸುತ್ತಿ ಸೀಮೆಸುಣ್ಣದಲ್ಲಿ ಗೀಚಿದ್ದನ್ನು ಇಲ್ಲಿ ಬರೆದಿದ್ದೇನೆ. ಎರಡು ಪ್ರತಿ ತೆಗೆಸಿ. ಒಂದು ನಿಮ್ಮ ಹತ್ತಿರ ಇರಲಿ, ಇನ್ನೊಂದು ಮೆಟ್ಟಿಲ ಕೆಳಗೆ ಕೆಲಸದ ಹುಡುಗರ ಕಣ್ಣಿಗೆ ಬೀಳುವ ಹಾಗೆ ಅಂಟಿಸಿ. ನಾನಿಲ್ಲದಾಗ ಯಾರಾದರೂ "ಬೋರ್ಡ್ ಎಲ್ಲಿ ಬರಬೇಕು ಮೇಡಂ" ಅಂದರೆ ಬಾಯಲ್ಲಿ ಹೇಳಬೇಡ ಅಕ್ಕ, ಕಾಗದ ತೋರಿಸು.

ಮೊದಲು ಸ್ಲ್ಯಾಬ್, ಅದೇ ಅವಸರದ್ದು

ಗುರುವಾರ ಮೇಲಿನ ಮೋಲ್ಡ್. ಬುಧವಾರ ಸಂಜೆಯೊಳಗೆ ಕಂಬಿ ಮೇಲೆ ಪೈಪು, ಫ್ಯಾನ್ ಬಾಕ್ಸು ಎಲ್ಲ ಕಟ್ಟಿ ಮುಗಿದಿರಬೇಕು. ಗೋಡೆಯ ತಪ್ಪನ್ನು ಒಂದು ದಿನದ ಧೂಳಲ್ಲಿ ತಿದ್ದಬಹುದು, ಸ್ಲ್ಯಾಬಿನದು ತಿದ್ದಲಾಗದು.

ಫ್ಯಾನ್ ಬಾಕ್ಸನ್ನು ರೂಮಿನ ನಟ್ಟನಡುವೆ ಹಾಕುವುದು ಹುಡುಗರ ಅಭ್ಯಾಸ. ದೊಡ್ಡ ರೂಮಿನಲ್ಲಿ ಎರಡಡಿ ಆಳದ ವಾರ್ಡ್‌ರೋಬ್ ಪೂರ್ತಿ ಗೋಡೆಗೆ ಬರುತ್ತದೆ. ಅದನ್ನು ಕಳೆದು ಉಳಿದ ಜಾಗದ ನಡುವೆ ಬಾಕ್ಸ್ ಬರಬೇಕು, ಅಂದರೆ ಈಗಿನ ನಡುವಿನಿಂದ ಒಂದಡಿ ಕಿಟಕಿ ಕಡೆಗೆ. ಮಗನ ರೂಮಿನಲ್ಲೂ ಇದೇ ಲೆಕ್ಕ. ಬಾಲ್ಕನಿಗೆ ಫ್ಯಾನ್ ಬೇಡ ಅಂದಿರಿ. ಆದರೂ ಒಂದು ಬಾಕ್ಸ್ ಹಾಕಿಸುತ್ತೇನೆ, ಬೇಡವಾದರೆ ಮುಚ್ಚಿಟ್ಟರಾಯಿತು.

ಸ್ಲ್ಯಾಬಿಗೆ 25 ಮಿ.ಮೀ. ದಪ್ಪ ಗೇಜಿನ ಪಿವಿಸಿ ಪೈಪೇ ಬೇಕು. ಕಾಂಕ್ರೀಟ್ ಸುರಿಯುವಾಗ ಜನ ತುಳಿಯುತ್ತಾರೆ, ತೆಳು ಪೈಪು ಚಪ್ಪಟೆಯಾಗುತ್ತದೆ. ಕಪ್ಲರ್ ಇರುವ ಕಡೆಯೆಲ್ಲ ಸೊಲ್ಯೂಷನ್ ಹಚ್ಚಿರಬೇಕು, ಬಾಕ್ಸುಗಳ ಬಾಯಿಗೆ ಕಾಗದ ತುರುಕಿ ಟೇಪ್ ಸುತ್ತಿರಬೇಕು. ಮೋಲ್ಡ್ ಮುಗಿಯುವವರೆಗೆ ನನ್ನ ಹುಡುಗ ಒಬ್ಬ ಅಲ್ಲೇ ನಿಂತಿರುತ್ತಾನೆ.

ಎತ್ತರದ ಲೆಕ್ಕ

ಈಗ ಕಾಣುವ ನೆಲ ನಿಜವಾದ ನೆಲವಲ್ಲ, ಟೈಲ್ಸ್ ಬಂದರೆ ಸುಮಾರು 4 ಇಂಚು ಏರುತ್ತದೆ. ಅದಕ್ಕೇ ಎಲ್ಲ ಗೋಡೆಗೂ ಟ್ಯೂಬ್ ಲೆವೆಲ್ ಹಿಡಿದು, ಮುಗಿದ ನೆಲದಿಂದ 3 ಅಡಿಗೆ ಒಂದು ಕೆಂಪು ಗೆರೆ ಎಳೆಸುತ್ತೇನೆ. ಕೆಳಗಿನ ಎತ್ತರಗಳೆಲ್ಲ ಮುಗಿದ ನೆಲದಿಂದ. ಬಾಗಿಲ ಪಕ್ಕದ ಬೋರ್ಡುಗಳು 4 ಅಡಿ, ಬಾಗಿಲ ಚೌಕಟ್ಟಿನಿಂದ 6 ಇಂಚು ಆಚೆ, ಬಾಗಿಲು ತೆರೆದಾಗ ಮರೆಯಾಗದ ಬದಿಗೆ. ಗೋಡೆಯಲ್ಲಿ ನೆಟ್ಟಗೆ ಮೇಲಿಂದ ಕೆಳಕ್ಕೆ ಮಾತ್ರ ಕಟಿಂಗ್. ಅಡ್ಡ ಕೊರೆಯುವಂತಿಲ್ಲ, ಪಿಲ್ಲರ್–ಬೀಮ್ ಮುಟ್ಟುವಂತಿಲ್ಲ.

ಗೇಟು, ಪೋರ್ಟಿಕೊ

ಗೇಟಿನ ಎರಡು ಲೈಟು, ಬೆಲ್ಲು, ಪೋರ್ಟಿಕೊದಲ್ಲಿ ಒಂದು ಲೈಟು, ಒಂದು 16 ಆಂಪ್ ಸಾಕೆಟ್. ಭಾವ, ಎಲೆಕ್ಟ್ರಿಕ್ ಕಾರು ಯಾವಾಗ ಅಂತ ನೀವೇ ನಿರ್ಧರಿಸಿಲ್ಲ. ಈಗ ವೈರ್ ಬೇಡ, ಮೀಟರ್ ಬೋರ್ಡಿನಿಂದ ಪೋರ್ಟಿಕೊಗೆ ಖಾಲಿ ಪೈಪು ಇರಲಿ. ಕಾರಿನ ಚಾರ್ಜರ್ 32 ಆಂಪ್ ಎಳೆಯಬಹುದು. ಅದು ಒಳಗಿನ ಡಿಬಿ, ಅಂದರೆ ಮನೆಗೆ ಕರೆಂಟ್ ಹಂಚುವ ಪೆಟ್ಟಿಗೆಯ ಪಾಲಲ್ಲ, ಮೀಟರಿನಿಂದಲೇ ಬೇರೆ ಲೈನಾಗಿ ಬರಬೇಕು.

ಹಾಲ್, ಊಟದ ಜಾಗ

ಟಿವಿ ಬೋರ್ಡ್ ಮೂರೂವರೆ ಅಡಿಗೆ, ಟಿವಿಯ ಮರೆಯಲ್ಲಿ, 6 ಆಂಪಿನ ನಾಲ್ಕು ಸಾಕೆಟ್. ಅದೇ ಜಾಗದಿಂದ ಕೆಳಗಿನ ಯೂನಿಟ್‌ವರೆಗೆ 50 ಮಿ.ಮೀ. ಖಾಲಿ ಪೈಪು: ದಪ್ಪ ತಲೆಯ ಕೇಬಲ್ಲುಗಳು ಸಣ್ಣ ಪೈಪಿನಲ್ಲಿ ತೂರುವುದಿಲ್ಲ. ಸೋಫಾದ ಎರಡೂ ಬದಿ 1 ಅಡಿಗೆ ಒಂದೊಂದು ಸಾಕೆಟ್. ಮೆಟ್ಟಿಲ ಲೈಟಿಗೆ ಕೆಳಗೊಂದು ಮೇಲೊಂದು ಟೂ ವೇ ಸ್ವಿಚ್. ರೂಟರ್ ಮೆಟ್ಟಿಲ ತಿರುವಿನಲ್ಲಿ, ಅಲ್ಲಿಂದ ಟಿವಿಗೆ, ಸ್ಟಡಿಗೆ, ಮಹಡಿ ಪ್ಯಾಸೇಜಿನ ಸೀಲಿಂಗಿಗೆ ನೆಟ್‌ವರ್ಕ್ ಕೇಬಲ್. ಇವುಗಳ ಪೈಪು ಬೇರೆ. ಕರೆಂಟಿನ ಪೈಪಿನಿಂದ ಒಂದಡಿ ದೂರ, ದಾಟಲೇಬೇಕಾದಲ್ಲಿ ನೇರ ಅಡ್ಡ.

ಅಡುಗೆಮನೆ

ಅಕ್ಕ, ನೀನು ಕೊಟ್ಟ ಪಟ್ಟಿ ಇಟ್ಟುಕೊಂಡೇ ಇದನ್ನು ಮಾಡಿದ್ದು. ಇಂಡಕ್ಷನ್ ಒಲೆ 2 ಕಿಲೋವ್ಯಾಟ್. ಅದು ಒಂಟಿ ಸರ್ಕ್ಯೂಟ್, ಅದರ ಜೊತೆ ಇನ್ನೇನೂ ಇಲ್ಲ. ಮೈಕ್ರೊವೇವ್, ಮಿಕ್ಸರ್, ನೀರಿನ ಫಿಲ್ಟರ್, ಚಿಮಣಿ ಸೇರಿ ಎರಡನೆಯದು. ಫ್ರಿಜ್ ಮೂರನೆಯದು. ಫ್ರಿಜ್ಜಿಗೆ ಬೇರೆ ಯಾಕೆ ಅಂದೆಯಲ್ಲ, ಅದು ಎಳೆಯುವ ಕರೆಂಟ್ ಅಲ್ಪವೇ. ಆದರೆ ಮಿಕ್ಸರ್ ಕೆಟ್ಟು, ಲೈನನ್ನು ತಾನಾಗಿಯೇ ಕಡಿಯುವ ಎಂಸಿಬಿ ಸ್ವಿಚ್ ಬಿದ್ದ ದಿನ ನೀವು ಊರಲ್ಲಿ ಇಲ್ಲದಿದ್ದರೆ ಒಳಗಿನದೆಲ್ಲ ಹಳಸುತ್ತದೆ.

ಕಟ್ಟೆಯ ಮೇಲಿನ ಸಾಕೆಟ್ಟುಗಳು ಕಟ್ಟೆಯಿಂದ 9 ಇಂಚು ಮೇಲೆ. ಒಲೆಯ ನೇರ ಹಿಂದೆ ಒಂದೂ ಬೇಡ, ಸಿಂಕಿನಿಂದ ಎರಡಡಿ ಒಳಗೂ ಬೇಡ. ಚಿಮಣಿಯ ಸಾಕೆಟ್ ಆರೂವರೆ ಅಡಿಗೆ, ಹೊಗೆ ಪೈಪಿನ ಪಕ್ಕಕ್ಕೆ ಸರಿದಿರಲಿ. ಮುಂದೆ ಪಾತ್ರೆ ತೊಳೆಯುವ ಮೆಷಿನ್ ತರುವುದಾದರೆ ಅದರ 16 ಆಂಪ್ ಸಾಕೆಟ್ ಪಕ್ಕದ ಕಪಾಟಿನೊಳಗೆ. ಮೆಷಿನ್ನಿನ ಹಿಂದೆಯೇ ಕೊಟ್ಟರೆ ಪ್ಲಗ್ ಕೀಳಲು ಮೆಷಿನ್ನನ್ನೇ ಎಳೆಯಬೇಕಾಗುತ್ತದೆ, ಇದನ್ನು ಹತ್ತು ಮನೆಯಲ್ಲಿ ನೋಡಿದ್ದೇನೆ. ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್‌ಗೆ 4 ಅಡಿ ಎತ್ತರದಲ್ಲಿ 16 ಆಂಪ್, ಬೇರೆ ಸರ್ಕ್ಯೂಟ್.

ಕೆಳಗಿನ ರೂಮು

ನಿನ್ನ ಅತ್ತೆ–ಮಾವನವರ ರೂಮು. ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ 1 ಅಡಿ ಎತ್ತರಕ್ಕೆ ಎರಡು ಫುಟ್‌ಲೈಟ್, ಅದರ ಸ್ವಿಚ್ ಮಂಚದ ಪಕ್ಕ. ದೊಡ್ಡ ಲೈಟು, ಫ್ಯಾನು ಎರಡಕ್ಕೂ ಬಾಗಿಲಲ್ಲೊಂದು, ತಲೆದಿಂಬಿನ ಹತ್ತಿರ ಎರಡೂಕಾಲು ಅಡಿಗೊಂದು ಟೂ ವೇ. ಅಲ್ಲೇ ಒಂದು ಬೆಲ್ ಪುಶ್, ಸದ್ದು ಮಹಡಿಯಲ್ಲಿ ಬರುವಂತೆ. ಇದನ್ನು ಅವರು ಕೇಳಲಿಲ್ಲ, ಕೇಳುವವರೂ ಅಲ್ಲ. ಎಸಿ ಪಾಯಿಂಟ್ 7 ಅಡಿಗೆ, ಆದರೆ ಎಸಿ ಗಾಳಿ ಮಂಚದ ಮೇಲೆ ನೇರ ಬೀಳದ ಪಕ್ಕದ ಗೋಡೆಗೆ.

ಮಹಡಿ, ಬಚ್ಚಲುಗಳು

ದೊಡ್ಡ ರೂಮಿಗೆ ಎಸಿ ಈಗಲೇ. ಮಗನ ರೂಮಿಗೆ ಪೈಪಿನಲ್ಲಿ 4 ಚದರ ಮಿ.ಮೀ. ವೈರ್ ಎಳೆದು ತುದಿ ಮುಚ್ಚಿಡುತ್ತೇನೆ. ಎಸಿಗೆ ಪ್ಲಗ್–ಸಾಕೆಟ್ ಬೇಡ, 20 ಆಂಪ್ ಡಬಲ್ ಪೋಲ್ ಸ್ವಿಚ್ಚಿನಿಂದ ನೇರ. ಸ್ಟಡಿ ಮೇಜಿನ ಮೇಲೆ ಆರು ಸಾಕೆಟ್, ಅವುಗಳಲ್ಲಿ ಎರಡು ಇನ್ವರ್ಟರ್ ಲೈನಿನವು. ಆ ಎರಡರ ಬಣ್ಣ ಬೇರೆ ಇರಲಿ, ಇಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆಯನ್ನು ಅದಕ್ಕೇ ಚುಚ್ಚುತ್ತಾರೆ.

ಮೂರು ಗೀಸರ್, ಮೂರು ಸರ್ಕ್ಯೂಟ್. ಪಾಯಿಂಟ್ 6 ಅಡಿಗೆ, ಷವರಿನ ಎದುರು ಗೋಡೆಯಲ್ಲಿ, ಸ್ವಿಚ್ ಬಚ್ಚಲ ಹೊರಗೆ. 2 ಕಿಲೋವ್ಯಾಟ್ ಗೀಸರಿಗೆ ಎರಡೂವರೆ ವೈರ್ ಸಾಕು. ಆದರೆ ನಾಳೆ 3 ಕಿಲೋವ್ಯಾಟಿನ ಇನ್‌ಸ್ಟಂಟ್ ತಂದರೆ ಅಂತ 4 ಹಾಕುತ್ತಿದ್ದೇನೆ.

ಡಿಬಿ

ಜಾಗ: ಊಟದ ಜಾಗದ ಮೆಟ್ಟಿಲು ಕಡೆಯ 9 ಇಂಚಿನ ಗೋಡೆ, ಡಿಬಿಯ ನಡು 5 ಅಡಿಗೆ. ಅದರ ಹಿಂದೆ ನೀರಿನ ಪೈಪಿಲ್ಲ ಅಂತ ಪ್ಲಂಬರ್ ಹತ್ತಿರ ಖಾತ್ರಿ ಮಾಡಿಕೊಂಡೆ. ಚಿತ್ರಪಟ ನೇತುಹಾಕಿ ಮುಚ್ಚಬೇಡಿ.

ಎಲ್ಲ ಸೇರಿಸಿದರೆ ಸುಮಾರು 17 ಕಿಲೋವ್ಯಾಟ್. ಒಟ್ಟಿಗೆ ಎಲ್ಲವೂ ಓಡುವುದಿಲ್ಲ, ಆದರೂ ಒಂದೇ ಫೇಸಿನಲ್ಲಿ 17 ಅಂದರೆ 74 ಆಂಪ್. ಹಾಗಾಗಿ ತ್ರೀ ಫೇಸ್. ಮೀಟರಿನಿಂದ ಡಿಬಿಗೆ 10 ಚದರ ಮಿ.ಮೀ. ತಾಮ್ರದ ನಾಲ್ಕು ವೈರ್, ಜೊತೆಗೆ ಅರ್ಥ್. 8 ವೇ ಡಿಬಿ, 40 ಆಂಪಿನ ಫೋರ್ ಪೋಲ್ ಇನ್‌ಕಮರ್, ಪ್ರತಿ ಫೇಸಿಗೂ, ಕರೆಂಟ್ ಸೋರಿದರೆ ಲೈನ್ ಕಡಿಯುವ ಅದರದೇ 40 ಆಂಪ್, 30 ಮಿಲಿಆಂಪ್ ಆರ್‌ಸಿಸಿಬಿ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಗೀಸರಿನ ಕಾಯಿಲ್ ಸೋರಿದ ದಿನ ಮನೆಯೆಲ್ಲ ಕತ್ತಲೆ.

ಕೆಂಪು ಫೇಸ್: ಇನ್ವರ್ಟರ್ ಫೀಡ್ 20 ಆಂಪ್; ಇಂಡಕ್ಷನ್ 16; ಕೆಳಗಿನ ಗೀಸರ್ 16; ಕೆಳಗಿನ ಸಾಕೆಟ್ಟುಗಳು 16; ಮಗನ ರೂಮಿನ ಮುಂದಿನ ಎಸಿ 20.

ಹಳದಿ ಫೇಸ್: ಕೆಳಗಿನ ಎಸಿ 20, ಅಡುಗೆಮನೆ ಎರಡನೆಯದು 16, ಫ್ರಿಜ್ 10, ದೊಡ್ಡ ರೂಮಿನ ಗೀಸರ್ 16, ಮಹಡಿ ಸಾಕೆಟ್ಟುಗಳು 16, ಪಾತ್ರೆ ಮೆಷಿನ್ನಿನ ಕಾದಿಟ್ಟ ಜಾಗ.

ನೀಲಿ ಫೇಸ್: ಮಹಡಿ ಎಸಿ 20, ಮಗನ ರೂಮಿನ ಗೀಸರ್ 16, ವಾಷಿಂಗ್ ಮೆಷಿನ್ 16, ಸಂಪಿನ 1 ಎಚ್‌ಪಿ ಮೋಟರ್ 16, ಪೋರ್ಟಿಕೊ ಸಾಕೆಟ್ 16.

ಎಸಿ, ಫ್ರಿಜ್, ಮೋಟರಿಗೆ ಸಿ ಕರ್ವ್ ಎಂಸಿಬಿ; ಶುರುವಾಗುವಾಗಿನ ಜಗ್ಗಾಟಕ್ಕೆ ಬೀಳದೆ ತಾಳಿಕೊಳ್ಳುತ್ತದೆ. ಎಸಿ, ಗೀಸರಿಗೆ 4 ಚದರ ಮಿ.ಮೀ., ಇನ್ವರ್ಟರ್ ಫೀಡಿಗೂ 4, ಉಳಿದ ಸಾಕೆಟ್ಟುಗಳಿಗೆ ಎರಡೂವರೆ, ಲೈಟು–ಫ್ಯಾನಿಗೆ ಒಂದೂವರೆ.

ಲೈಟು–ಫ್ಯಾನು ಪೂರ್ತಿ ಇನ್ವರ್ಟರ್ ಕಡೆಗೆ: ಪಕ್ಕದಲ್ಲೇ ಸಣ್ಣ ಡಿಬಿ, ಅದಕ್ಕೆ ಅದರದೇ 25 ಆಂಪ್ ಆರ್‌ಸಿಸಿಬಿ. ಕೆಳಗೆ ಎರಡು ಸರ್ಕ್ಯೂಟ್, ಮೇಲೆ ಎರಡು, ಗೇಟು–ಪೋರ್ಟಿಕೊಗೆ ಒಂದು, ತಲಾ 10 ಆಂಪ್. ರೂಟರ್ ಮತ್ತು ಸ್ಟಡಿಯ ಆ ಎರಡು ಸಾಕೆಟ್ಟುಗಳದು ಆರನೆಯದು. ಲೈಟಿನ ಸರ್ಕ್ಯೂಟಿಗೆ 10 ಪಾಯಿಂಟ್, 800 ವ್ಯಾಟ್ ದಾಟಿಸುವುದಿಲ್ಲ. ಇನ್ವರ್ಟರ್ ಕೆಟ್ಟರೆ ನೇರ ಲೈನಿಗೆ ಹಾಕಲು ಬೈಪಾಸ್ ಸ್ವಿಚ್ ಇರುತ್ತದೆ.

ಹುಡುಗರಿಗೆ ಒಂದು ಮಾತು, ದಪ್ಪ ಅಕ್ಷರದಲ್ಲೇ ಬರೆಯುತ್ತೇನೆ: ನ್ಯೂಟ್ರಲ್ ಬೆರೆಸಬೇಡಿ. ಮೂರು ಫೇಸಿಗೆ ಮೂರು ನ್ಯೂಟ್ರಲ್ ಬಾರ್, ಇನ್ವರ್ಟರಿಗೆ ನಾಲ್ಕನೆಯದು. ಯಾವ ಆರ್‌ಸಿಸಿಬಿಯಿಂದ ಹೋದ ಫೇಸೋ ಅದೇ ಆರ್‌ಸಿಸಿಬಿಗೆ ಅದರ ನ್ಯೂಟ್ರಲ್ ಮರಳಬೇಕು. ಹೊಸದರಲ್ಲಿ ನಾನೇ ಒಂದು ಮನೆಯಲ್ಲಿ ಮೆಟ್ಟಿಲ ಲೈಟಿಗೆ ಹತ್ತಿರದ ಬೋರ್ಡಿನಿಂದ ನ್ಯೂಟ್ರಲ್ ಎತ್ತಿದ್ದೆ. ಆ ಲೈಟ್ ಹಾಕಿದಾಗಲೆಲ್ಲ ಟ್ರಿಪ್. ಮೂರು ದಿನ ಬೋರ್ಡ್ ಬಿಚ್ಚಿ ಹುಡುಕಿದೆ, ಅಷ್ಟರಲ್ಲಿ ಬಣ್ಣ ಬಳಿದು ಮುಗಿದಿತ್ತು. ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು. ಈ ಎರಡೂ ಡಿಬಿಯೊಳಗೆ ಎಲ್ಲೂ ಕೂಡಬಾರದು. ಪೈಪಿನೊಳಗೆ ಜಾಯಿಂಟ್ ಇರಬಾರದು.

ಕೆಲಸದ ಸರದಿ

ಪೈಪು, ಬಾಕ್ಸ್ ಕೂರಿಸಿದ ಮೇಲೆ, ಗಾರೆಗೆ ಮುಂಚೆ ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೊ. ಭಾವ, ಇದು ನಿಮ್ಮ ಕೆಲಸ. ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ಗಾರೆ ಒಣಗಿದ ಮೇಲೆ ವೈರ್ ಎಳೆಯುವುದು. ಸ್ವಿಚ್ ಕೂರಿಸುವ ಮುಂಚೆ, ವೈರಿನ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್ ಹಿಡಿಯುತ್ತೇನೆ. 1 ಮೆಗಓಮಿಗಿಂತ ಕೆಳಗೆ ತೋರಿಸಿದ ಸರ್ಕ್ಯೂಟಿನ ವೈರ್ ಹೊರಗೆಳೆದು ಹೊಸದು. ಅರ್ಥ್ ಗುಂಡಿ ಎರಡು, ಅಳತೆ ತೆಗೆದು ಡಿಬಿ ಬಾಗಿಲ ಒಳಗೆ ಬರೆದಿಡುತ್ತೇನೆ.

ಅಕ್ಕ, ನೀನು ಹೇಳಬೇಕಾದ್ದು ಮೂರು ಉಳಿದಿವೆ: ದೊಡ್ಡ ರೂಮಿನ ಮಂಚ ಕಿಟಕಿ ಕಡೆಗೋ ಬಾಗಿಲ ಕಡೆಗೋ, ಫ್ರಿಜ್ ಬಾಗಿಲು ಯಾವ ಕೈಗೆ ತೆರೆಯುತ್ತದೆ, ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ನಲ್ಲಿಯ ಯಾವ ಪಕ್ಕ. ಬುಧವಾರ ನಾಲ್ಕು ಗಂಟೆಗೆ ಬರುತ್ತೇನೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಮಗನನ್ನು ಮನೆಯಲ್ಲೇ ಇರಿಸಿಕೋ.