ಪೆರ್ಲದ ಮನೆಯ ಜಗಲಿಯಲ್ಲಿ ಓದಿದ ವಿವಾಹ ಪ್ರಸ್ತಾಪ

ಅಜ್ಜಿಗೂ ಈ ಮನೆಯ ಹಿರಿಯರೆಲ್ಲರಿಗೂ ನಮಸ್ಕಾರ. ಟೀಚರ್, ನಾನು ಇವತ್ತು ಮಾತನಾಡಬೇಕಾಗಿರುವುದು ನಿಮ್ಮೊಡನೆ. ಕನ್ನಡವನ್ನು ಇನ್ನೂ ಕಲಿಯುತ್ತಿದ್ದೇನೆ. ಹೇಳಬೇಕಾದ ಯಾವುದೂ ಬಿಟ್ಟುಹೋಗದಿರಲಿ ಎಂದು ಎಲ್ಲವನ್ನೂ ಬರೆದು ತಂದಿದ್ದೇನೆ. ಓದಿ ಮುಗಿಸುವವರೆಗೆ ದಯವಿಟ್ಟು ಕೇಳಿ.

ನಿಮ್ಮನ್ನು ಮದುವೆಯಾಗಬೇಕೆಂಬುದು ನನ್ನ ಆಸೆ. ಇದನ್ನು ಮಲಯಾಳಂನಲ್ಲಿಯೇ ಕೇಳಬಹುದಿತ್ತು. ನಿಮಗೆ ಆ ಭಾಷೆ ನನ್ನಷ್ಟೇ ಚೆನ್ನಾಗಿ ಬರುತ್ತದೆ. ಆದರೆ ಪಂಚಾಯತಿನಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಕಡೆಗೆ ನನ್ನ ಎದುರಿನಲ್ಲಿ ಕೂಡ ಪ್ರತಿ ಸಲವೂ ನಿಮ್ಮ ಮಾತನ್ನು ಬಿಟ್ಟು ನಮ್ಮ ಮಾತಿಗೆ ಬಂದವರು ನೀವೇ. ನನ್ನ ಬದುಕಿನ ಅತ್ಯಂತ ದೊಡ್ಡ ಕೋರಿಕೆಯನ್ನಾದರೂ ನೀವು ಅಜ್ಜಿಯೊಡನೆ ಮಾತನಾಡುವ ಭಾಷೆಯಲ್ಲಿ, ಅಜ್ಜಿಗೂ ತಿಳಿಯುವಂತೆ ಮುಂದಿಡಬೇಕೆಂದು ನನಗೆ ಬಲವಾಗಿ ಅನಿಸಿತು.

ಚಂದ್ರಗಿರಿ ಹೊಳೆಯ ಆಚೆ, ನೀಲೇಶ್ವರದಲ್ಲಿ ಬೆಳೆದ ನನಗೆ ಕೃಷಿ ಭವನದ ಕೆಲಸ ಸಿಕ್ಕಿ ಇಲ್ಲಿಗೆ ಬರುವವರೆಗೆ ಕನ್ನಡದ ಪರಿಚಯವಿರಲಿಲ್ಲ. ರೈತರು ಕನ್ನಡದಲ್ಲಿ ಬರೆದು ತರುವ ಅರ್ಜಿಗಳನ್ನು ಓದುವುದಕ್ಕಾಗಿ ಅಕ್ಷರ ಕಲಿತೆ. ಅಡಿಕೆಗೆ ಬರುವ ಮಹಾಳಿ, ಅದಕ್ಕೆ ಬಿಡುವ ಮದ್ದು, ಅದರಲ್ಲಿ ಸೇರಿಸುವ ಮೈಲುತುತ್ತು, ಸುಣ್ಣ ಇವೇ ನಾನು ಮೊದಲು ಬರೆಯಲು ಕಲಿತ ಮಾತುಗಳು. ಶಾಲೆಯ ತರಕಾರಿ ತೋಟಕ್ಕೆ ಬೆಂಡೆ, ಅಲಸಂಡೆಯ ಬೀಜ ಕೊಡಲು ಬಂದಾಗ ನಿಮ್ಮನ್ನು ಕಂಡೆ. ಮಾತು ಬಾರದೆ ಹಿಂದೆ ನಿಂತಿದ್ದ ಒಬ್ಬ ಹುಡುಗನ ಕೈಗೆ ಮೊದಲ ಬೀಜವನ್ನು ಇಟ್ಟು, ಅವನು ಬೆರಳಿನಿಂದ ಮಣ್ಣಿನಲ್ಲಿ ಗುಳಿ ಮಾಡಿ ಅದನ್ನು ಮುಚ್ಚುವವರೆಗೆ ನೀವು ಉಳಿದ ಮಕ್ಕಳನ್ನು ಕಾಯಿಸಿದಿರಿ. ಆ ತಾಳ್ಮೆಯನ್ನು ನಾನು ಮರೆತಿಲ್ಲ. ಆ ಮೇಲೆ ನನಗೂ ಅದೇ ತಾಳ್ಮೆಯಿಂದ ಒತ್ತಕ್ಷರಗಳನ್ನು ಕಲಿಸಿದವರು ನೀವು.

ಈ ಮನೆಯನ್ನೂ ನಾನು ಪ್ರೀತಿಸುತ್ತೇನೆ. ಗುಡ್ಡದ ಸುರಂಗದಿಂದ ಸಣ್ಣಗೆ ಹರಿದು ಬರುವ ನೀರನ್ನು ಟಾಂಕಿಯಲ್ಲಿ ನಿಲ್ಲಿಸಿ ಇಡೀ ತೋಟವನ್ನು ಉಳಿಸಿಕೊಂಡಿರುವ ನಿಮ್ಮ ತಂದೆಯವರಿಂದ ನಾನು ಕಲಿತದ್ದು ಬಹಳ. ಬಿಸಿಲಿನಿಂದ ಬಂದವನಿಗೆ ಬೆಲ್ಲ, ನೀರು ಕೊಡುವ ಮೊದಲು ಬಂದ ಕೆಲಸವೇನೆಂದು ನಿಮ್ಮ ತಾಯಿಯವರು ಒಂದು ದಿನವೂ ಕೇಳಲಿಲ್ಲ.

ಮದುವೆಯಾದರೆ ಮಗಳ ಕನ್ನಡ ಏನಾಗುವುದು ಎಂಬ ಚಿಂತೆ ಹಿರಿಯರಿಗೆ ಇದ್ದೀತು. ಅದು ನ್ಯಾಯವಾದ ಚಿಂತೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡದ ಮನೆಗಳು ಈ ಚಿಂತೆಯನ್ನು ಹೊತ್ತುಕೊಂಡೇ ಬಂದಿವೆ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು ಎಂದು ನೀವೇ ನನಗೆ ಹೇಳಿದ್ದೀರಿ. ಮನೆಯೊಳಗೆ ಇನ್ನೊಂದು ಮಾತು ಇದ್ದುದರಿಂದ ಅವರ ಕನ್ನಡಕ್ಕೆ ಯಾವ ಕುಂದೂ ಬರಲಿಲ್ಲ. ನಮ್ಮ ಮನೆಯಲ್ಲಿಯೂ ಎರಡು ಮಾತುಗಳು ಇರಲಿ. ಮಕ್ಕಳಾದರೆ ಅವರು ನನ್ನ ಅಮ್ಮನೊಡನೆ ಮಲಯಾಳಂ ಮಾತನಾಡಲಿ, ನಿಮ್ಮ ಶಾಲೆಯಂತಹ ಕನ್ನಡ ಶಾಲೆಯಲ್ಲಿ ಓದಲಿ. ನನಗೆ ಬೇರೆ ಊರಿಗೆ ವರ್ಗವಾದರೆ ಓಡಾಟ ನನ್ನದು. ನೀವು ಶಾಲೆಯನ್ನು ಬಿಡಬೇಕೆಂದು ನಾನು ಎಂದೂ ಕೇಳುವುದಿಲ್ಲ.

ಮದುವೆಯ ಕ್ರಮ ಹೇಗಿರಬೇಕೆಂಬುದನ್ನು ಎರಡೂ ಮನೆಯವರು ಕೂಡಿ ನಿರ್ಧರಿಸಲಿ. 1954ರ ವಿಶೇಷ ವಿವಾಹ ಕಾಯ್ದೆಯಂತೆ ನೋಂದಣಿ ಮಾಡುವುದಾದರೆ 30 ದಿನ ಮೊದಲೇ ನೋಟಿಸು ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಗೋಡೆಯ ಮೇಲಿನ ಕಾಗದದಿಂದ ಈ ವಿಷಯ ನಿಮ್ಮ ಮನೆಗೆ ತಿಳಿಯಬಾರದು, ನನ್ನ ಬಾಯಿಂದಲೇ ತಿಳಿಯಬೇಕು ಎಂಬ ಕಾರಣಕ್ಕೂ ಇವತ್ತು ಹಿರಿಯರ ಮುಂದೆ ನಿಂತಿದ್ದೇನೆ. ನನ್ನ ಅಪ್ಪ ಅಮ್ಮನಿಗೆ ಎಲ್ಲವನ್ನೂ ತಿಳಿಸಿದ್ದೇನೆ. ಅವರಿಗೆ ಸಂತೋಷವಿದೆ.

ಟೀಚರ್, ನನ್ನನ್ನು ಮದುವೆಯಾಗುವಿರಾ? ಉತ್ತರವನ್ನು ಇವತ್ತೇ ಕೊಡಬೇಕೆಂದಿಲ್ಲ. ಯೋಚಿಸಿ, ಮನೆಯವರೊಡನೆ ಮಾತನಾಡಿ, ನಿಮ್ಮ ಮನಸ್ಸಿಗೆ ಸರಿ ಕಂಡದ್ದನ್ನು ಕನ್ನಡದಲ್ಲಿಯೇ ಹೇಳಿ; ನನಗೆ ಅರ್ಥವಾಗುತ್ತದೆ. ನಿಮ್ಮ ಒಪ್ಪಿಗೆಯಿದ್ದರೆ, ಅಡಿಕೆ ಕೊಯ್ಲು ಮುಗಿದು ಮನೆಯವರಿಗೆ ಬಿಡುವಾದ ಮೇಲೆ, ಹಿರಿಯರು ಹೇಳಿದ ದಿನ ನನ್ನ ಅಪ್ಪ ಅಮ್ಮನನ್ನು ಕರೆದುಕೊಂಡು ಬರುತ್ತೇನೆ.