ಕೆರೆ ಶಾಸನಗಳ ಅಸೈನ್‌ಮೆಂಟ್ ಒಪ್ಪಿಸಲು ಸೆಪ್ಟೆಂಬರ್ 20ರವರೆಗೆ ಸಮಯ ಕೋರಿ

ಮೈಸೂರು
12 ಸೆಪ್ಟೆಂಬರ್ 2025

ಮಾನ್ಯ ಮೇಡಂ ಅವರಿಗೆ,

ನಮಸ್ಕಾರಗಳು. ನಾನು ಕಾವ್ಯ, ಎಂ.ಎ. ಇತಿಹಾಸ ಮೂರನೇ ಸೆಮಿಸ್ಟರ್. ಡೆಂಗ್ಯೂ ಬಂದು ಕಳೆದ ಒಂದು ವಾರ ತರಗತಿಗೆ ಬರಲು ಆಗಲಿಲ್ಲ. ಸೋಮವಾರ, 15ಕ್ಕೆ ಕೊಡಬೇಕಾದ ಅಸೈನ್‌ಮೆಂಟನ್ನು 20ನೇ ತಾರೀಕು ಶನಿವಾರ ಒಪ್ಪಿಸಲು ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಕಳೆದ ಗುರುವಾರ ರಾತ್ರಿ ಜ್ವರ ಶುರುವಾಯಿತು. ರಕ್ತ ಪರೀಕ್ಷೆಯಲ್ಲಿ ಡೆಂಗ್ಯೂ ಎಂದು ಗೊತ್ತಾಯಿತು. ಪ್ಲೇಟ್‌ಲೆಟ್ ಇಳಿಯುತ್ತಿದ್ದುದರಿಂದ ಆಸ್ಪತ್ರೆಗೆ ಸೇರಿಸಿದರು. ಅಮ್ಮ ಮುಳಬಾಗಿಲಿನಿಂದ ಬಂದು ಜೊತೆಗಿದ್ದರು. ನಿನ್ನೆ ಡಿಸ್ಚಾರ್ಜ್ ಆಗಿ ಹಾಸ್ಟೆಲ್‌ಗೆ ಮರಳಿದ್ದೇನೆ. ಈಗ ಜ್ವರವಿಲ್ಲ, ಆದರೆ ಸುಸ್ತು ಜಾಸ್ತಿ ಇದೆ. ಸ್ವಲ್ಪ ಹೊತ್ತು ಓದಿದರೂ ಕಣ್ಣಿನ ಹಿಂದೆ ನೋವು ಬರುತ್ತದೆ. ಇನ್ನೂ ಕೆಲವು ದಿನ ವಿಶ್ರಾಂತಿ ಬೇಕೆಂದು ಡಾಕ್ಟರ್ ಹೇಳಿದ್ದಾರೆ. ಡಿಸ್ಚಾರ್ಜ್ ಪತ್ರ ಮತ್ತು ರಕ್ತ ಪರೀಕ್ಷೆಯ ವರದಿ ಲಗತ್ತಿಸಿದ್ದೇನೆ.

ಅಸೈನ್‌ಮೆಂಟಿನ ಅರ್ಧಕ್ಕಿಂತ ಹೆಚ್ಚು ಕೆಲಸ ಜ್ವರ ಬರುವ ಮೊದಲೇ ಮುಗಿದಿತ್ತು. ರೈಸ್ ಅವರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದಿಂದ ಕೆರೆಗೆ ಸಂಬಂಧಿಸಿದ ಶಾಸನಗಳನ್ನು ಆರಿಸಿದ್ದೇನೆ. ಕಾಲ, ಊರು, ದಾನ ಕೊಟ್ಟವರು, ಪಡೆದವರು ಎಂದು ಪಟ್ಟಿಯೂ ಸಿದ್ಧವಾಗಿದೆ. ಉಳಿದಿರುವುದು ವಿಶ್ಲೇಷಣೆ. ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಇವೆಲ್ಲ ಕೆರೆಗಾಗಿ ಬಿಟ್ಟ ಭೂಮಿಯನ್ನೇ ಹೇಳುತ್ತವೆ ನಿಜ. ಆದರೆ ಕೆರೆ ಕಟ್ಟಿಸಿದ್ದಕ್ಕೆ ಕೊಟ್ಟದ್ದು ಯಾವುದು, ಮುಂದೆ ಹೂಳೆತ್ತಿ ಏರಿ ಕಾಯುವುದಕ್ಕೆ ಕೊಟ್ಟದ್ದು ಯಾವುದು ಎಂದು ತಿಳಿಯಬೇಕಾದರೆ ಪ್ರತಿ ಶಾಸನದ ಪಾಠವನ್ನೂ ನಿಧಾನವಾಗಿ ಓದಬೇಕು. ಹಲವು ಕಡೆ ಅದೇ ಕೆರೆಯ ಕೆಳಗಿನ ಗದ್ದೆಯನ್ನೇ ಬಿಟ್ಟಿದ್ದಾರೆ. ಕೆರೆ ತುಂಬಿದರೆ ಮಾತ್ರ ಆ ಗದ್ದೆ ಬೆಳೆಯುತ್ತದೆ, ಅಲ್ವಾ ಮೇಡಂ? ಹಾಗಾಗಿ ಕೆರೆ ನೋಡಿಕೊಳ್ಳುವವರಿಗೆ ಅದು ಚೆನ್ನಾಗಿರುವುದೇ ಲಾಭ. ನನ್ನ ವಾದ ನಿಂತಿರುವುದು ಇದರ ಮೇಲೆ. ನಮ್ಮ ಕಡೆಯ ಊರುಗಳು ಇವತ್ತಿಗೂ ಕೆರೆಗಳನ್ನು ನೆಚ್ಚಿಕೊಂಡಿವೆ. ಈ ಭಾಗವನ್ನು ಅವಸರದಲ್ಲಿ ಬರೆದು ಮುಗಿಸಲು ಮನಸ್ಸು ಒಪ್ಪುತ್ತಿಲ್ಲ.

ತಾವು ಬಯಸಿದರೆ ಪಟ್ಟಿ ಮತ್ತು ಪೀಠಿಕೆಯನ್ನು ಸೋಮವಾರವೇ ಮೇಲ್ ಮಾಡುತ್ತೇನೆ. 22ಕ್ಕೆ ದಸರಾ ಶುರುವಾಗುತ್ತದೆ. ಅದಕ್ಕೂ ಮುಂಚೆ ಪೂರ್ತಿ ಪ್ರತಿ ತಮ್ಮ ಕೈ ಸೇರಲಿ ಎಂದೇ 20ನೇ ತಾರೀಕು ಕೇಳಿದ್ದೇನೆ. ಮೌಲ್ಯಮಾಪನಕ್ಕೆ ಅದು ತಡವಾಗುವುದಾದರೆ ದಯವಿಟ್ಟು ತಿಳಿಸಿ, ತಾವು ಹೇಳಿದ ದಿನಕ್ಕೆ ಹೊಂದಿಸಿಕೊಳ್ಳುತ್ತೇನೆ. ತಪ್ಪಿಹೋದ ಪಾಠಗಳ ನೋಟ್ಸನ್ನು ಗೆಳತಿಯಿಂದ ಪಡೆದಿದ್ದೇನೆ. ಬುಧವಾರದಿಂದ ತರಗತಿಗೆ ಬರುತ್ತೇನೆ.

ತಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿದ್ಯಾರ್ಥಿನಿ,
ಕಾವ್ಯ
ಎಂ.ಎ. ಇತಿಹಾಸ, ಮೂರನೇ ಸೆಮಿಸ್ಟರ್

ಲಗತ್ತು: ಡಿಸ್ಚಾರ್ಜ್ ಪತ್ರ, ರಕ್ತ ಪರೀಕ್ಷೆಯ ವರದಿ